ತಕ್ಕಡಿಯ ಮೀನು, ತಟ್ಟೆಯ ಮೀನು

ಮಂಗಳೂರಿನ ಮೀನು ಮಾರುಕಟ್ಟೆಯಲ್ಲಿ ಅನುಭವಿ ಮಾರಾಟಗಾರ್ತಿಯ ಮುಂದೆ ನಿಂತು, "ಅಕ್ಕಾ, ಎಂಟು ಜನ ಇದ್ದೇವೆ, ಎಷ್ಟು ಮೀನು ಬೇಕಾಗ್ತದೆ?" ಎಂದು ಕೇಳಿ ನೋಡಿ. ಆಕೆ ಥಟ್ಟನೆ ಇಷ್ಟು ಕೆಜಿ ಎಂದು ಹೇಳುವುದಿಲ್ಲ. "ಫ್ರೈಗಾ, ಪದಾರ್ಥಕ್ಕಾ? ಯಾವ ಮೀನು?" ಎಂದು ತಿರುಗಿ ಕೇಳುತ್ತಾಳೆ. ಅವಳು ಕೇಳಿದ್ದು ಸರಿ. ಒಂದು ಕೆಜಿ ಅಂಜಲ್ ಕೊಂಡವರ ಮನೆಯಲ್ಲಿ ಐದು ಜನ ತೃಪ್ತಿಯಾಗಿ ಉಂಡರೆ, ಅದೇ ಒಂದು ಕೆಜಿ ಕಾಟ್ಲಾ ಕೊಂಡವರ ಮನೆಯಲ್ಲಿ ಮೂರನೆಯವರ ಹೊತ್ತಿಗೇ ಪಾತ್ರೆ ತಳ ಕಾಣುತ್ತದೆ. ತಕ್ಕಡಿ ತೂಗುವುದು ತಲೆ, ಕರುಳು, ಕಿವಿರು, ರೆಕ್ಕೆ, ಮುಳ್ಳು ಎಲ್ಲವನ್ನೂ ಸೇರಿಸಿ. ತಟ್ಟೆಗೆ ಬರುವುದು ಅದರಲ್ಲಿ ಒಂದು ಪಾಲು ಮಾತ್ರ. ಆ ಪಾಲು ಒಂದೊಂದು ಮೀನಿಗೆ ಒಂದೊಂದು ಥರ, ಒಂದೇ ಮೀನನ್ನು ಇಡಿಯಾಗಿ ಕೊಂಡರೆ, ಸ್ಲೈಸ್ ಮಾಡಿಸಿ ಕೊಂಡರೆ, ಮುಳ್ಳಿಲ್ಲದ ಫಿಲೆಟ್ ಕೊಂಡರೆ ಮತ್ತೆ ಬೇರೆ ಬೇರೆ.

ಹಾಗಾಗಿ ಲೆಕ್ಕವನ್ನು ತಕ್ಕಡಿಯಿಂದ ಶುರು ಮಾಡದೆ ತಟ್ಟೆಯಿಂದ ಹಿಂದಕ್ಕೆ ಮಾಡುವುದು ಒಳ್ಳೆಯದು. ಅನ್ನದ ಜೊತೆ ಮೀನು ತಿನ್ನುವ ದೊಡ್ಡವರೊಬ್ಬರಿಗೆ ಹಸಿ ಮಾಂಸ, ಅಂದರೆ ಮುಳ್ಳು ತಲೆ ಎಲ್ಲ ಕಳೆದು ಬಾಯಿಗೆ ಹೋಗುವ ಭಾಗ, 140 ಗ್ರಾಂ ಇದ್ದರೆ ಧಾರಾಳ. ಬೇಯುವಾಗ ಮೀನಿನಿಂದ ನೀರು ಬಿಡುತ್ತದೆ. ಕಾವಲಿಯಲ್ಲಿ ಕಾಯಿಸಿದರೆ ತೂಕದಲ್ಲಿ ಐದನೇ ಒಂದು ಭಾಗ, ಕೆಲವೊಮ್ಮೆ ಅದಕ್ಕಿಂತಲೂ ಹೆಚ್ಚು ಇಳಿಯುತ್ತದೆ. ಪದಾರ್ಥದಲ್ಲಿ ಬೆಂದರೆ ಸ್ವಲ್ಪ ಕಡಿಮೆ. ಆದ್ದರಿಂದ 140 ಗ್ರಾಂ ಹಸಿ ಮಾಂಸ ತಟ್ಟೆಗೆ ಬರುವಾಗ 110 ಗ್ರಾಂ ಆಸುಪಾಸಿನಲ್ಲಿರುತ್ತದೆ. ಮುಂದಿನ ಎಲ್ಲ ಲೆಕ್ಕಕ್ಕೂ ಈ 140 ಗ್ರಾಂ ಒಂದೇ ಅಳತೆ. ಮನೆಯವರು ಮೀನನ್ನು ಇಷ್ಟಪಟ್ಟು ಹೆಚ್ಚು ತಿನ್ನುವವರಾದರೆ ಇದನ್ನೇ 180ಕ್ಕೆ ಏರಿಸಿಕೊಳ್ಳಿ, ಉಳಿದ ಹೆಜ್ಜೆಗಳು ಹಾಗೆಯೇ ಇರುತ್ತವೆ.

ಇಂಗ್ಲಿಷ್ ಅಡುಗೆ ಪುಸ್ತಕಗಳಲ್ಲಿ ಇಡೀ ಮೀನಾದರೆ ತಲೆಗೆ ಸುಮಾರು 450 ಗ್ರಾಂ, ಫಿಲೆಟ್ ಆದರೆ 150ರಿಂದ 225 ಗ್ರಾಂ ಎಂದು ಬರೆದಿರುತ್ತದೆ. ಅದನ್ನು ನೋಡಿ ಹೊರಟರೆ ನಮ್ಮಲ್ಲಿ ಮೀನು ಉಳಿಯುತ್ತದೆ. ಆ ಅಳತೆ ಇರುವುದು ಮೀನೇ ಊಟವಾಗಿ, ಪಕ್ಕದಲ್ಲಿ ಎರಡು ಆಲೂಗಡ್ಡೆ ಇರುವ ತಟ್ಟೆಗೆ, ತಲೆಯನ್ನು ಎಸೆಯುವ ಅಡುಗೆಮನೆಗೆ. ಕುಚ್ಚಲಕ್ಕಿ ಅನ್ನ, ತೆಂಗಿನಕಾಯಿ ಅರೆದ ಪದಾರ್ಥ ಇರುವ ಊಟಕ್ಕೆ ಅಷ್ಟು ಬೇಕಾಗುವುದಿಲ್ಲ.

ಈಗ ಒಂದು ಮೀನನ್ನು ಪೂರ್ತಿಯಾಗಿ ಬಿಡಿಸಿ ನೋಡೋಣ. ಮೂರು ಕೆಜಿಯ ಅಂಜಲ್ ಇರಲಿ. ಉತ್ತರ ಕನ್ನಡದ ಕೊಂಕಣಿಗರು ಇದನ್ನೇ ಇಸ್ವಣ ಎನ್ನುತ್ತಾರೆ, ಬೆಂಗಳೂರಿನ ಅಂಗಡಿಗಳಲ್ಲಿ ಸುರ್ಮಾಯಿ ಅಥವಾ ಸೀರ್ ಫಿಶ್ ಎಂಬ ಹೆಸರೂ ನಡೆಯುತ್ತದೆ. ಉದ್ದನೆಯ ಮೈ, ಚೂಪಾದ ಚಿಕ್ಕ ತಲೆ, ಕಣ್ಣಿಗೆ ಕಾಣದಷ್ಟು ಸಣ್ಣ ಚಿಪ್ಪು. ಹೀಗಾಗಿ ಚಿಪ್ಪು ಹೆರೆದು ಹೋಗುವ ನಷ್ಟ ಇಲ್ಲವೇ ಇಲ್ಲ. ಕಿವಿರಿನ ಹಿಂದಿನಿಂದ ಕಡಿದರೆ ತಲೆ ಸುಮಾರು 450 ಗ್ರಾಂ ತೂಗುತ್ತದೆ. ಕರುಳು, ಕಿವಿರು ಸೇರಿ 220 ಗ್ರಾಂ. ಬಾಲ, ರೆಕ್ಕೆಗಳು 80 ಗ್ರಾಂ. ರಕ್ತ ಮತ್ತು ತೊಳೆದಾಗ ಹೋಗುವುದು ಸುಮಾರು 50 ಗ್ರಾಂ. ಒಟ್ಟು 800 ಗ್ರಾಂ ಕಳೆದು ಕೈಗೆ ಬರುವ ಸ್ಲೈಸ್ 2 ಕೆಜಿ 200 ಗ್ರಾಂ. ಮೀನಿನಿಂದ ಮೀನಿಗೆ ಅಂಕಿ ಸ್ವಲ್ಪ ಹಿಂದುಮುಂದಾಗುತ್ತದೆ, ಆದರೆ ಮುಕ್ಕಾಲು ಪಾಲಿಗೆ ತುಸು ಕಡಿಮೆ ಎಂಬ ಅಂದಾಜು ಅಂಜಲ್ ಮಟ್ಟಿಗೆ ಹೆಚ್ಚು ತಪ್ಪುವುದಿಲ್ಲ.

ಸ್ಲೈಸಿನಲ್ಲಿ ಇನ್ನೂ ನಡುಮುಳ್ಳು ಇದೆ. ಅಂಜಲಿನ ಮುಳ್ಳು ಕಡಿಮೆ, ಸ್ಲೈಸ್ ತೂಕದ ಹತ್ತನೇ ಒಂದು ಭಾಗದಷ್ಟು. ಅದನ್ನೂ ಕಳೆದರೆ ಉಣ್ಣುವ ಮಾಂಸ ಸರಿಸುಮಾರು 2 ಕೆಜಿ. ಅಂದರೆ ಮೂರು ಕೆಜಿ ಮೀನಿನಲ್ಲಿ ಮೂರನೇ ಎರಡು ಪಾಲು ಹೊಟ್ಟೆಗೆ. ತಲೆಗೆ 140 ಗ್ರಾಂ ಹಿಡಿದರೆ ಈ ಮೀನು ಹದಿನಾಲ್ಕು ಜನಕ್ಕೆ ಆಯಿತು. ಇದನ್ನೇ ತಿರುಗಿಸಿ ಹೇಳಿದರೆ, ಅಂಜಲನ್ನು ಇಡಿಯಾಗಿ ಕೊಳ್ಳುವಾಗ ತಲೆಗೆ 210 ಗ್ರಾಂ, ಸ್ಲೈಸ್ ಕೊಳ್ಳುವಾಗ 155 ಗ್ರಾಂ.

ಅದೇ ಮೀನನ್ನು ಫಿಲೆಟ್ ಮಾಡಿಸಿದರೆ 2 ಕೆಜಿ ಸಿಗಬೇಕಲ್ಲವೇ? ಸಿಗುವುದಿಲ್ಲ. ಚೂರಿ ನಡುಮುಳ್ಳಿನ ಮೇಲೆ ಜಾರುವಾಗ ತೆಳುವಾದ ಒಂದು ಪದರ ಮಾಂಸ ಮುಳ್ಳಿಗೇ ಅಂಟಿ ಉಳಿಯುತ್ತದೆ. ಹೊಟ್ಟೆಯ ಭಾಗದ ಪಕ್ಕೆಮುಳ್ಳು ತೆಗೆಯುವಾಗ ಇನ್ನಷ್ಟು ಹೋಗುತ್ತದೆ. ಚರ್ಮ ಬಿಟ್ಟುಕೊಂಡರೂ 1 ಕೆಜಿ 800 ಗ್ರಾಂ ಬಂದರೆ ಕತ್ತರಿಸಿದವರ ಕೈ ಒಳ್ಳೆಯದು ಎನ್ನಬೇಕು. ಬೆರಳಿನಿಂದ ಮುಳ್ಳು ಬಿಡಿಸಿ ತಿನ್ನುವವರು ಚೂರಿಗಿಂತ ಚೊಕ್ಕವಾಗಿ ಮಾಂಸ ತೆಗೆಯುತ್ತಾರೆ. ಮುಳ್ಳಿರುವ ಮೀನು ಅಭ್ಯಾಸವಿರುವ ಮನೆಯಲ್ಲಿ ಫಿಲೆಟ್ ಮಾಡಿಸುವುದೆಂದರೆ ತಿನ್ನಬಹುದಾಗಿದ್ದ ಇನ್ನೂರು ಗ್ರಾಂ ಮೀನನ್ನು ಬೆಕ್ಕಿಗೆ ಬಿಟ್ಟಂತೆಯೇ. ಆದರೂ ಎರಡು ವರ್ಷದ ಮಗುವಿಗೆ, ಹಲ್ಲು ಹೋದ ಅಜ್ಜಿಗೆ, ಮೀನಿನ ಮುಳ್ಳಿಗೆ ಹೆದರುವ ಘಟ್ಟದ ಮೇಲಿನ ನೆಂಟರಿಗೆ ಫಿಲೆಟ್ ಮಾಡಿಸಿದ್ದು ನಷ್ಟವಲ್ಲ. ಅವರಿಗೆ ಮುಳ್ಳಿನ ಮೀನು ಬಡಿಸಿದರೆ ಅರ್ಧ ಮಾಂಸ ತಟ್ಟೆಯಲ್ಲೇ ಉಳಿಯುತ್ತದೆ, ಆಗ ನಷ್ಟ ಅದಕ್ಕಿಂತ ದೊಡ್ಡದು.

ದರದ ಹೋಲಿಕೆಯೂ ಇದೇ ಅಂಕಿಗಳಿಂದ ಬರುತ್ತದೆ. ಇಡೀ ಅಂಜಲ್ ಕೆಜಿಗೆ 800 ರೂಪಾಯಿ ಎಂದಿಟ್ಟುಕೊಳ್ಳೋಣ. ಮೂರು ಕೆಜಿಗೆ 2,400 ರೂಪಾಯಿ. ಸಿಕ್ಕ ಸ್ಲೈಸ್ 2.2 ಕೆಜಿ, ಅಂದರೆ ಸ್ಲೈಸ್ ನಿಮಗೆ ಬಿದ್ದದ್ದು ಕೆಜಿಗೆ ಸುಮಾರು 1,090 ರೂಪಾಯಿಗೆ. ಕತ್ತರಿಸುವ ಕೂಲಿ ಬೇರೆ. ಪಕ್ಕದ ಅಂಗಡಿಯವರು ತಲೆ ಇಲ್ಲದ ಸ್ಲೈಸನ್ನು 1,000 ರೂಪಾಯಿಗೆ ಕೊಡುತ್ತಿದ್ದರೆ, ದರ ಹೆಚ್ಚೆಂದು ಕಂಡರೂ ಅದೇ ಅಗ್ಗ. 1,200 ಹೇಳಿದರೆ ಇಡೀ ಮೀನೇ ಲಾಭ. ಫಿಲೆಟ್ ಆದರೆ ಇದೇ ಮೀನಿನ ಬೆಲೆ ಕೆಜಿಗೆ 1,330 ದಾಟುತ್ತದೆ. ದೊಡ್ಡ ಮೀನಿನ ಒಂದು ಭಾಗವನ್ನು ಮಾತ್ರ ಕೊಳ್ಳುವಾಗ ತಲೆಯ ಪಾಲು ತೂಕದಲ್ಲಿ ಸೇರಿದೆಯೇ ಎಂದು ಮೊದಲೇ ಕೇಳಿಕೊಳ್ಳಿ. ಕತ್ತರಿಸಿದ ಮೇಲೆ ಕೇಳಿದರೆ ಜಗಳವಷ್ಟೇ ಆಗುತ್ತದೆ.

ಆದರೆ ಈ ಲೆಕ್ಕದಲ್ಲಿ ತಲೆಯನ್ನು ಸೊನ್ನೆ ಎಂದು ಹಿಡಿದಿದ್ದೇವೆ, ಅದು ಕರಾವಳಿಯ ಮನೆಗಳಿಗೆ ಒಪ್ಪುವ ಮಾತಲ್ಲ. ಅಂಜಲಿನ ತಲೆಯಲ್ಲಿ ಕೆನ್ನೆಯ ಮಾಂಸವಿದೆ, ಕಿವಿರಿನ ಹಿಂದಿನ ಕತ್ತಿನ ಭಾಗ ಇಡೀ ಮೀನಿನಲ್ಲೇ ಹೆಚ್ಚು ರುಚಿಯಾದ ತುಂಡುಗಳಲ್ಲಿ ಒಂದು. 450 ಗ್ರಾಂ ತಲೆಯನ್ನು ಉದ್ದಕ್ಕೆ ಸೀಳಿಸಿ, ಕಿವಿರು ಪೂರ್ತಿ ತೆಗೆಸಿ ಪದಾರ್ಥ ಮಾಡಿದರೆ ಇಬ್ಬರ ಮಧ್ಯಾಹ್ನದ ಊಟ ಸಲೀಸಾಗಿ ಮುಗಿಯುತ್ತದೆ, ಸಾರಿಗೂ ಒಳ್ಳೆಯ ರಸ ಇಳಿಯುತ್ತದೆ. ತಲೆ ಬೇಡವೆನ್ನುವವರು ಕಡಿಯುವಾಗ ಕಣ್ಣಿಟ್ಟು ನೋಡಬೇಕಾದ್ದು ಒಂದಿದೆ. ಕತ್ತಿಯನ್ನು ಕಿವಿರಿನ ಹಿಂದೆ ಓರೆಯಾಗಿ ಇಳಿಸಿದರೆ ಕತ್ತಿನ ಮಾಂಸ ಮೈಗೆ ಸೇರುತ್ತದೆ. ರೆಕ್ಕೆಯ ಹಿಂದಿನಿಂದ ನೇರ ಕಡಿದರೆ ಅದು ತಲೆಯ ಜೊತೆ ಹೋಗುತ್ತದೆ. ಬಿಟ್ಟುಹೋಗುವ ತಲೆಯ ಬುಡದಲ್ಲಿ ಎರಡು ಬೆರಳು ದಪ್ಪದ ಮಾಂಸ ಕಂಡರೆ ಅದನ್ನು ಬಿಟ್ಟು ಬರಬೇಡಿ, ಚೀಲಕ್ಕೆ ಹಾಕಿಸಿಕೊಳ್ಳಿ.

ಸ್ಲೈಸನ್ನು ತೂಕದಿಂದ ಮಾತ್ರವಲ್ಲ, ಎಣಿಕೆಯಿಂದಲೂ ನೋಡಬೇಕು, ಏಕೆಂದರೆ ಬಡಿಸುವುದು ಎಣಿಸಿಯೇ. ಮೂರು ಕೆಜಿ ಅಂಜಲಿನಲ್ಲಿ ತಲೆ ಮತ್ತು ಬಾಲ ಬಿಟ್ಟು ಕತ್ತರಿಸುವಷ್ಟು ಮೈ ಒಂದೂವರೆ ಅಡಿ, ಅಂದರೆ 45 ಸೆಂಟಿಮೀಟರ್ ಇರುತ್ತದೆ. ಒಂದು ಬೆರಳು ದಪ್ಪ, ಒಂದೂವರೆ ಸೆಂಟಿಮೀಟರಿನಂತೆ ಕತ್ತರಿಸಿದರೆ ಮೂವತ್ತು ಸ್ಲೈಸ್, ಸರಾಸರಿ 73 ಗ್ರಾಂ. ಆದರೆ ನಡುವಿನ ಸ್ಲೈಸ್ 100 ಗ್ರಾಂ ಇದ್ದರೆ ಬಾಲದ ಕಡೆಯದ್ದು 35 ಗ್ರಾಮೂ ಇರಬಹುದು. ಮೂವತ್ತು ಸ್ಲೈಸ್ ಇದೆ, ಹದಿನೈದು ಜನಕ್ಕೆ ಎರಡೆರಡು ಎಂದು ಬಡಿಸಿದರೆ ಯಾರಿಗೋ ಎರಡೂ ಬಾಲದ ತುಂಡೇ ಸಿಗುತ್ತದೆ. ದೊಡ್ಡ ತುಂಡಿನ ಜೊತೆ ಒಂದು ಚಿಕ್ಕ ತುಂಡು ಸೇರಿಸಿ ಜೋಡಿ ಮಾಡುವುದು ಒಂದು ದಾರಿ. ಬಾಲದ ಕಡೆಯ ನಾಲ್ಕೈದು ತುಂಡನ್ನು ತಲೆಯ ಜೊತೆ ಪದಾರ್ಥಕ್ಕೆ ಹಾಕಿಬಿಡುವುದು ನನಗೆ ಇನ್ನೂ ಒಳ್ಳೆಯದೆನಿಸುತ್ತದೆ. ದಪ್ಪ ಎಷ್ಟಿರಬೇಕೆಂದು ಮೊದಲೇ ಹೇಳದಿದ್ದರೆ ಕತ್ತರಿಸುವವರು ತಮ್ಮ ರೂಢಿಯಂತೆ ಹೋಗುತ್ತಾರೆ. ತೀರಾ ತೆಳುವಾದದ್ದು ಕಾವಲಿಯಲ್ಲಿ ಒಣಗುತ್ತದೆ, ತೀರಾ ದಪ್ಪವಾದದ್ದು ಹೊರಗೆ ಮಸಾಲೆ ಕಪ್ಪಾದರೂ ಒಳಗೆ ಬೆಂದಿರುವುದಿಲ್ಲ.

ಚಿಕ್ಕ ಮೀನಿಗೆ ಬಂದರೆ ಗ್ರಾಂ ಲೆಕ್ಕ ಬಿಟ್ಟು ಎಣಿಕೆ ಹಿಡಿಯುವುದೇ ಸುಲಭ. ನೂರು ರೂಪಾಯಿಗೆ ಇಷ್ಟು ಬಂಗುಡೆ ಎಂದು ಎಣಿಸಿ ಮಾರುವ ಪದ್ಧತಿ ಕರಾವಳಿಯಲ್ಲಿ ಇಂದಿಗೂ ಇದೆ. ಕೆಜಿಗೆ ಏಳು ತೂಗುವ ಮಧ್ಯಮ ಗಾತ್ರದ ಬಂಗುಡೆ ಒಂದೊಂದೂ 140 ಗ್ರಾಂ ಆಸುಪಾಸು. ತಲೆ, ಕರುಳು ತೆಗೆದರೆ 90 ಗ್ರಾಂ ಉಳಿಯುತ್ತದೆ. ನಡುಮುಳ್ಳು ಕಳೆದರೆ ಮಾಂಸ 75 ಗ್ರಾಂ. ಅರ್ಧಕ್ಕಿಂತ ಸ್ವಲ್ಪ ಹೆಚ್ಚು, ಅಷ್ಟೇ. ಬಂಗುಡೆ ಒಂದೇ ಊಟಕ್ಕಿರುವ ಮೀನಾದರೆ ತಲೆಗೆ ಎರಡು, ಜೊತೆಗೆ ಬೇರೆ ಮೀನಿದ್ದರೆ ಒಂದು. ಬೂತಾಯಿಯೂ ಹೆಚ್ಚುಕಡಿಮೆ ಇದೇ ಪ್ರಮಾಣದಲ್ಲಿ ಇಳಿಯುತ್ತದೆ, ಆದರೆ ಒಂದೊಂದು ಮೀನು ಚಿಕ್ಕದಾದ್ದರಿಂದ ತಲೆಗೆ 250 ಗ್ರಾಂ ತೂಗಿಸಿಕೊಂಡರೆ ಸರಿ. ಮೊಟ್ಟೆ ತುಂಬಿದ ಕಾಲದಲ್ಲಿ ಹೊಟ್ಟೆ ಉಬ್ಬಿ ತೂಕ ಹೆಚ್ಚುತ್ತದೆ, ಮಾಂಸದ ಪಾಲು ಇಳಿಯುತ್ತದೆ. ಮೊಟ್ಟೆ ತಿನ್ನುವ ಮನೆಯಲ್ಲಿ ಅದು ನಷ್ಟವಲ್ಲ. ತಿನ್ನದವರು ಹೊಟ್ಟೆ ಗಟ್ಟಿಯಾಗಿ ಉಬ್ಬಿದ ಮೀನು ಕೊಳ್ಳುವಾಗ ಒಂದೆರಡು ಹೆಚ್ಚು ಹಾಕಿಸಿಕೊಳ್ಳಬೇಕು.

ಇನ್ನು ದೊಡ್ಡ ತಲೆಯ ಮೀನುಗಳು. ಮೈಸೂರು, ಬೆಂಗಳೂರು, ಹೊಸಪೇಟೆ ಕಡೆ ಕೆರೆ ಮತ್ತು ಜಲಾಶಯದ ಕಾಟ್ಲಾ ಹೆಚ್ಚು. ಅದರ ತಲೆಯೇ ಮೀನಿನ ತೂಕದ ಕಾಲು ಪಾಲು. ಎರಡು ಕೆಜಿ ಕಾಟ್ಲಾದಲ್ಲಿ ತಲೆ ಅರ್ಧ ಕೆಜಿ. ದಪ್ಪ ಚಿಪ್ಪು, ಉದ್ದನೆಯ ಕರುಳು, ರೆಕ್ಕೆ ಎಲ್ಲ ಹೋಗಿ ತುಂಡು ಉಳಿಯುವುದು 1 ಕೆಜಿ 150 ಗ್ರಾಂ ಹತ್ತಿರ. ಆ ತುಂಡಿನ ಮಾಂಸದೊಳಗೂ ಕವಲೊಡೆದ ಸಣ್ಣ ಮುಳ್ಳುಗಳು ಹುದುಗಿವೆ. ಎಲ್ಲ ಕಳೆದು ತಿನ್ನಲು ಸಿಗುವುದು 900 ಗ್ರಾಂ ಸುತ್ತಮುತ್ತ. ಹಾಗಾಗಿ ಕಾಟ್ಲಾ ಇಡಿಯಾಗಿ ಕೊಳ್ಳುವಾಗ ತಲೆಗೆ 310 ಗ್ರಾಂ, ತುಂಡಾಗಿ ಕೊಳ್ಳುವಾಗ 180 ಗ್ರಾಂ ಬೇಕು. ಅಂಜಲಿಗೂ ಕಾಟ್ಲಾಕ್ಕೂ ಎಷ್ಟು ದೂರ ನೋಡಿ. ಕಾಟ್ಲಾ ತಲೆಯನ್ನು ಸಾರಿಗೆ ಹಾಕಿ ಉಣ್ಣುವ ಮನೆಗೆ ಮಾತ್ರ ಈ ಅಂತರ ಅರ್ಧದಷ್ಟು ತಗ್ಗುತ್ತದೆ. ಕಾಟ್ಲಾ, ರೋಹುವಿನ ಫಿಲೆಟ್ ಮಾಡಿಸಿದರೂ ಮುಳ್ಳಿನಿಂದ ಪೂರ್ತಿ ಬಿಡುಗಡೆ ಇಲ್ಲ, ಏಕೆಂದರೆ ಆ ಕವಲುಮುಳ್ಳು ನಡುಮುಳ್ಳಿಗೆ ಅಂಟಿಕೊಂಡಿರುವುದಲ್ಲ, ಮಾಂಸದ ನಡುವೆ ಬಿಡಿಬಿಡಿಯಾಗಿ ನಿಂತಿರುವುದು. ನಡುಮುಳ್ಳು ತೆಗೆದರೂ ಅದು ಅಲ್ಲೇ ಇರುತ್ತದೆ. ಮಗುವಿಗೆಂದು ಕಾಟ್ಲಾ ಫಿಲೆಟ್ ಕೊಳ್ಳುವವರು ಇದನ್ನು ತಿಳಿದಿರಬೇಕು.

ಸಮುದ್ರದ ಮುರು ಮೀನಿನದೂ ದೊಡ್ಡ ತಲೆ, ಅಗಲ ಬಾಯಿ. ಅದನ್ನು ಚರ್ಮ ಸುಲಿದು ಫಿಲೆಟ್ ಮಾಡಿದರೆ ಇಡೀ ತೂಕದ ಶೇಕಡಾ 40 ಸಿಕ್ಕರೆ ಹೆಚ್ಚು. ಇದಕ್ಕೆ ತದ್ವಿರುದ್ಧ ಮಾಂಜಿ. ಚಪ್ಪಟೆ ಮೈ, ಪುಟ್ಟ ತಲೆ, ಹೊಟ್ಟೆಯೊಳಗೆ ತೀರಾ ಕಡಿಮೆ. 225 ಗ್ರಾಮಿನ ಮಾಂಜಿ ಒಂದನ್ನು ಇಡಿಯಾಗಿ ಕಾಯಿಸಿ ಒಬ್ಬರಿಗೆ ಬಡಿಸಿದರೆ 140 ಗ್ರಾಂ ಮಾಂಸದ ಲೆಕ್ಕ ಅಲ್ಲಿಗೇ ಸರಿಹೋಗುತ್ತದೆ. ಹೆಸರು ಗೊತ್ತಿಲ್ಲದ ಮೀನು ಎದುರಾದಾಗ ನೋಡಬೇಕಾದ್ದು ಇಷ್ಟೇ: ಮೂತಿಯಿಂದ ಕಿವಿರಿನ ಅಂಚಿನವರೆಗೆ ಕೈಯಲ್ಲಿ ಅಳೆದು, ಅದು ಮೈಯ ಉದ್ದದಲ್ಲಿ ಎಷ್ಟನೇ ಪಾಲು ಎಂದು ನೋಡಿ. ಐದನೇ ಒಂದು ಪಾಲಿದ್ದರೆ ಅಂಜಲಿನ ಲೆಕ್ಕ, ಮೂರನೇ ಒಂದು ಪಾಲಿನ ಹತ್ತಿರ ಬಂದರೆ ಕಾಟ್ಲಾದ ಲೆಕ್ಕ ಹಾಕಿ.

ಒಂದು ಭಾನುವಾರದ ಊಟಕ್ಕೆ ಇದನ್ನೆಲ್ಲ ಕೂಡಿಸೋಣ. ಉಡುಪಿಯ ಮನೆ, ಎಂಟು ಜನ, ಅದರಲ್ಲಿ ಆರು ದೊಡ್ಡವರು, ಇಬ್ಬರು ಚಿಕ್ಕ ಮಕ್ಕಳು. ಬಂಗುಡೆ ಪದಾರ್ಥ, ಅಂಜಲ್ ಫ್ರೈ. ಎರಡು ಬಗೆ ಇದ್ದಾಗ ಒಂದೊಂದಕ್ಕೂ ಪೂರ್ತಿ ಪಾಲು ಹಿಡಿದು ಎರಡರಷ್ಟು ಕೊಳ್ಳುವುದು ಸಾಮಾನ್ಯ. ಉಳಿಯುವುದು ಅಲ್ಲಿಂದಲೇ. ದೊಡ್ಡವರಿಗೆ ಒಂದೊಂದು ಬಂಗುಡೆ, ಮೇಲೆ ಎರಡು, ಒಟ್ಟು ಎಂಟು ಮೀನು, ಸುಮಾರು 1 ಕೆಜಿ 100 ಗ್ರಾಂ. ಮಕ್ಕಳಿಗೆ ಬಂಗುಡೆಯ ಮುಳ್ಳು ಬೇಡ, ಅವರ ಪಾಲು ಅಂಜಲಿನಲ್ಲಿರಲಿ. ಫ್ರೈ ದೊಡ್ಡವರಿಗೆ ಒಂದೊಂದು, ಮಕ್ಕಳಿಗೆ ಎರಡೆರಡು, ಅಲ್ಲಿಗೆ ಹತ್ತು ಸ್ಲೈಸ್. ಕಾವಲಿಯಿಂದ ಬಿಸಿಬಿಸಿ ಇಳಿದ ಮೀನಿಗೆ ಇನ್ನೊಂದು ಕೇಳುವವರು ಇದ್ದೇ ಇರುತ್ತಾರೆ, ಅವರಿಗೆಂದು ಮೂರು. ಹದಿಮೂರು ಸ್ಲೈಸ್ ಅಂದರೆ ಒಂದು ಕೆಜಿಗಿಂತ ತುಸು ಕಡಿಮೆ. ಒಂದು ಕೆಜಿ ಸ್ಲೈಸ್ ಕೊಂಡರೆ ಆಯಿತು. ಇಡೀ ಮೀನೇ ತರುವುದಾದರೆ 1 ಕೆಜಿ 350 ಗ್ರಾಮಿನ ಅಂಜಲ್ ಬೇಕು. ಆ ಗಾತ್ರದ ಮೀನಿನ ಸ್ಲೈಸ್ ಚಿಕ್ಕದಾಗುತ್ತದೆ, ಹಾಗಾಗಿ ತುಂಡಿನ ಸಂಖ್ಯೆ ಹದಿಮೂರಕ್ಕಿಂತ ಹೆಚ್ಚು ಬರುತ್ತದೆ, ಒಂದೊಂದರ ತೂಕ ಇಳಿಯುತ್ತದೆ. ಆಗ ದೊಡ್ಡವರಿಗೆ ಎರಡು ಇಟ್ಟರೂ ಲೆಕ್ಕ ತಪ್ಪುವುದಿಲ್ಲ. ಒಬ್ಬ ದೊಡ್ಡವರ ತಟ್ಟೆಗೆ ಬಂಗುಡೆಯಿಂದ 75, ಅಂಜಲಿನಿಂದ 65 ಗ್ರಾಂ ಮಾಂಸ, ಕೂಡಿದರೆ ನಾವು ಹಿಡಿದ 140.

ಬೆಂಗಳೂರಿನಂಥ ಊರಿನಲ್ಲಿ ಈಗ ಮೊಬೈಲಿನಲ್ಲೇ ಮೀನು ತರಿಸುವವರು ಬಹಳ. ಅಲ್ಲಿ ಎರಡು ತೂಕ ಬರೆದಿರುವುದುಂಟು. ಗ್ರಾಸ್ ಎಂದರೆ ಶುಚಿ ಮಾಡುವ ಮೊದಲಿನದು, ನೆಟ್ ಎಂದರೆ ಮನೆಗೆ ಬರುವುದು. ನಿಮ್ಮ ಲೆಕ್ಕ ನೆಟ್ ತೂಕದ ಮೇಲಿರಲಿ. ನೆಟ್ ತೂಕದಲ್ಲೂ ತಲೆ ಸೇರಿದೆಯೇ ಇಲ್ಲವೇ ಎಂಬುದನ್ನು ವಿವರಣೆಯಲ್ಲಿ ಓದಿಕೊಳ್ಳಿ, ಏಕೆಂದರೆ ಕರುಳು ಮಾತ್ರ ತೆಗೆದು ತಲೆ ಸಮೇತ ಕೊಡುವುದಕ್ಕೂ ನೆಟ್ ಎಂದೇ ಬರೆಯುತ್ತಾರೆ. ಕಾಟ್ಲಾದಂಥ ಮೀನಿನಲ್ಲಿ ಇದರಿಂದ ಆಗುವ ವ್ಯತ್ಯಾಸ ಇಬ್ಬರ ಊಟದಷ್ಟು.

ಶೈತ್ಯಾಗಾರದಿಂದ ಬರುವ ಫಿಲೆಟ್ಟಿನದು ಮತ್ತೊಂದು ಬಗೆಯ ತೂಕ. ಬಾಸಾ ಮೊದಲಾದ ಫಿಲೆಟ್‌ಗಳನ್ನು ಒಣಗದಿರಲೆಂದು ನೀರಿನಲ್ಲಿ ಅದ್ದಿ, ಮೇಲೊಂದು ತೆಳುವಾದ ಹಿಮದ ಪದರ ಕೂರಿಸುತ್ತಾರೆ. ಅದು ಹತ್ತನೇ ಒಂದು ಪಾಲಿನಿಂದ ಐದನೇ ಒಂದು ಪಾಲಿನವರೆಗೂ ಇರಬಹುದು, ಬಿಡಿಯಾಗಿ ತೂಗಿ ಮಾರುವಲ್ಲಿ ಆ ಹಿಮಕ್ಕೂ ಮೀನಿನ ದರವೇ ಬೀಳುತ್ತದೆ. ಪರೀಕ್ಷೆ ಸುಲಭ. ಒಂದು ತುಂಡನ್ನು ಹಾಗೇ ತೂಗಿ. ತಣ್ಣೀರಿನ ಕೆಳಗೆ ಹಿಡಿದು ಹೊರಗಿನ ಹಿಮ ಕರಗಿದ ಕೂಡಲೇ, ಮೀನು ಮೆತ್ತಗಾಗುವ ಮೊದಲೇ ತೆಗೆದು, ಬಟ್ಟೆಯಿಂದ ಒರೆಸಿ ಮತ್ತೆ ತೂಗಿ. 250 ಗ್ರಾಂ ಇದ್ದದ್ದು 205ಕ್ಕೆ ಇಳಿದರೆ ಕೆಜಿಗೆ 400 ರೂಪಾಯಿ ಎಂದುಕೊಂಡ ಮೀನಿನ ನಿಜವಾದ ದರ 490 ಆಯಿತು. ನಾಲ್ಕು ಜನಕ್ಕೆ 560 ಗ್ರಾಂ ಬೇಕಿದ್ದರೆ ಅಂಥ ಫಿಲೆಟನ್ನು 680 ಗ್ರಾಂ ಕೊಳ್ಳಬೇಕು. ಇದಲ್ಲದೆ ಮಾಂಸದೊಳಗೇ ನೀರು ಹಿಡಿಸಿದ ಫಿಲೆಟ್ಟೂ ಇರುತ್ತದೆ, ಅದು ತಕ್ಕಡಿಯಲ್ಲಿ ಗೊತ್ತಾಗದು, ಕಾವಲಿಯಲ್ಲಿ ಗೊತ್ತಾಗುತ್ತದೆ: ಎಣ್ಣೆಯಲ್ಲಿ ಕೆಂಪಗಾಗುವ ಬದಲು ಮೀನು ತನ್ನ ನೀರಿನಲ್ಲೇ ಬೇಯುತ್ತದೆ, ಅಂಗೈಯಗಲದ ತುಂಡು ಕಣ್ಣೆದುರೇ ಕುಗ್ಗುತ್ತದೆ. ಅದೇ ಅಂಗಡಿಯಿಂದ ಮುಂದಿನ ಸಲ ತರುವಾಗ ತಲೆಗೆ 140ರ ಬದಲು 200 ಗ್ರಾಂ ಹಿಡಿಯಿರಿ, ಇಲ್ಲವೇ ಅದೇ ಹಣಕ್ಕೆ ಮುಳ್ಳಿರುವ ಹಸಿ ಅಂಜಲಿನ ಸ್ಲೈಸ್ ಎಷ್ಟು ಬರುತ್ತದೆಂದು ಒಮ್ಮೆ ವಿಚಾರಿಸಿ.